48 ಗಂಟೆಯ ಟಿಕೆಟ್: ಕೆಲಸದ ವೇಳೆ ಮಾತ್ರ ಎಣಿಸಿದರೆ ಗಡುವು ಯಾವಾಗ?

ಪ್ರಶ್ನೆ: ಗುರುವಾರ ಮಧ್ಯಾಹ್ನ 3:20ಕ್ಕೆ ಒಂದು ಸಪೋರ್ಟ್ ಟಿಕೆಟ್ ಬಂತು, ಗಡುವು 48 ಗಂಟೆ. ನಮ್ಮ ಕೆಲಸದ ವೇಳೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 6. ವಾರಾಂತ್ಯ ಬಿಟ್ಟು ಲೆಕ್ಕ ಹಾಕಿದರೆ ಸೋಮವಾರ 3:20 ಬರುತ್ತೆ, ಆದರೆ ಟೂಲ್ ಮುಂದಿನ ಶುಕ್ರವಾರ ತೋರಿಸ್ತಿದೆ. ಯಾವುದು ಸರಿ? ಎಕ್ಸೆಲ್‌ನಲ್ಲಿ ಇದನ್ನು ಹೇಗೆ ಹಾಕೋದು?

ಉತ್ತರ: ಟೂಲ್ ಹೇಳುತ್ತಿರುವುದು ಸರಿ. ಗಡುವು ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ 9:20.

ನೀವು ಶನಿವಾರ, ಭಾನುವಾರ ಬಿಟ್ಟಿದ್ದೀರಿ, ಆದರೆ ರಾತ್ರಿಗಳನ್ನು ಬಿಟ್ಟಿಲ್ಲ. ಸೋಮವಾರ 3:20 ಬರಬೇಕಾದರೆ ಗುರುವಾರ ರಾತ್ರಿ, ಶುಕ್ರವಾರ ರಾತ್ರಿ ಎರಡೂ ಲೆಕ್ಕಕ್ಕೆ ಸೇರಿರಬೇಕು. ಕೆಲಸದ ವೇಳೆ ಮಾತ್ರ ಎಣಿಸುವಾಗ ಒಂದು ದಿನಕ್ಕೆ ಸಿಗುವುದು 9 ಗಂಟೆ, ಅಂದರೆ 540 ನಿಮಿಷ. 48 ಗಂಟೆಗೆ 2880 ನಿಮಿಷ. ಹಾಗಾಗಿ ಇದು ಎರಡು ದಿನದ ಕೆಲಸವಲ್ಲ, ಐದು ದಿನದ ಮೇಲೆ ಇನ್ನೂ ಮೂರು ಗಂಟೆ.

ಕೈಯಲ್ಲೇ ಒಮ್ಮೆ ಕಳೆಯುತ್ತಾ ಹೋಗಿ. ಗುರುವಾರ 3:20ರಿಂದ 6ರವರೆಗೆ 160 ನಿಮಿಷ, ಉಳಿದದ್ದು 2720. ಶುಕ್ರವಾರ ಪೂರ್ತಿ 540 ಹೋದರೆ 2180. ಶನಿವಾರ, ಭಾನುವಾರ ಸೊನ್ನೆ. ಸೋಮವಾರದ ಕೊನೆಗೆ 1640, ಮಂಗಳವಾರ 1100, ಬುಧವಾರ 560, ಗುರುವಾರ ಸಂಜೆ 6ಕ್ಕೆ 20. ಆ 20 ನಿಮಿಷ ಶುಕ್ರವಾರ ಬೆಳಿಗ್ಗೆ 9ಕ್ಕೆ ಶುರುವಾಗಿ 9:20ಕ್ಕೆ ಮುಗಿಯುತ್ತದೆ.

ಲೆಕ್ಕಕ್ಕಿಂತ ಮೊದಲು ಒಪ್ಪಂದದಲ್ಲಿ ಏನು ಬರೆದಿದೆ ಎಂದು ನೋಡುವುದು ಒಳ್ಳೆಯದು. ‘48 ಕೆಲಸದ ಗಂಟೆ’ ಎಂದಿದ್ದರೆ ಮೇಲಿನ ಉತ್ತರ. ‘2 ಕೆಲಸದ ದಿನ’ ಎಂದಿದ್ದರೆ ನಿಮ್ಮ ಸೋಮವಾರ 3:20 ಸರಿ. ಬರೀ ‘48 ಗಂಟೆ’ ಎಂದಿದ್ದು ಕೆಲಸದ ವೇಳೆಯ ಮಾತೇ ಇಲ್ಲದಿದ್ದರೆ ಗ್ರಾಹಕರು ಶನಿವಾರ 3:20 ಎಂದೇ ಓದುತ್ತಾರೆ. ಒಂದೇ ಟಿಕೆಟ್‌ಗೆ ಶನಿವಾರದಿಂದ ಮುಂದಿನ ಶುಕ್ರವಾರದವರೆಗೆ ಅಂತರ ಬೀಳುವುದರಿಂದ ಇದನ್ನು ಊಹೆಗೆ ಬಿಡಬಾರದು. Zendesk ಬಳಸುತ್ತಿದ್ದರೆ SLA ನಿಯಮದಲ್ಲಿ Calendar hours ಮತ್ತು Business hours ಎಂಬ ಆಯ್ಕೆ ಇರುತ್ತದೆ. ಯಾವುದು ಆರಿಸಿದೆ ಎಂದು ಮೊದಲು ನೋಡಿ.

ಎಕ್ಸೆಲ್‌ನಲ್ಲಿ ದಿನ ದಿನವೂ ಕಳೆಯುತ್ತಾ ಹೋಗುವ ಅಗತ್ಯವಿಲ್ಲ. ಟಿಕೆಟ್ ಬಂದ ದಿನದ ಬೆಳಿಗ್ಗೆ 9ಕ್ಕೇ ಗಡಿಯಾರ ಶುರುವಾಯಿತು ಎಂದುಕೊಂಡು, ಅಲ್ಲಿಂದ ಟಿಕೆಟ್ ಬರುವವರೆಗೆ ಕಳೆದ ನಿಮಿಷಗಳನ್ನು 2880ಕ್ಕೆ ಕೂಡಿಸಿಬಿಡಿ. 9ರಿಂದ 3:20ಕ್ಕೆ 380 ನಿಮಿಷ, ಒಟ್ಟು 3260. ಇದನ್ನು 540ರಿಂದ ಭಾಗಿಸಿದರೆ ಭಾಗಲಬ್ಧ 6, ಶೇಷ 20. ಗುರುವಾರದಿಂದ ಆರನೆಯ ಕೆಲಸದ ದಿನ ಶುಕ್ರವಾರ, ಬೆಳಿಗ್ಗೆ 9ರ ಮೇಲೆ 20 ನಿಮಿಷ. ಅಷ್ಟೇ.

ಟಿಕೆಟ್ ಬಂದ ಸಮಯ A2ನಲ್ಲಿ, ರಜೆಯ ದಿನಾಂಕಗಳು H2ರಿಂದ H20ರವರೆಗೆ ಇವೆ ಎಂದುಕೊಳ್ಳಿ. ಸೂತ್ರಗಳನ್ನು ಕ್ರಮವಾಗಿ C2, D2, E2, F2 ಕೋಶಗಳಲ್ಲಿ ಹಾಕಿ:

```
=WORKDAY(INT(A2)-(MOD(A2,1)<18/24),1,$H$2:$H$20)
=2880+IF(C2=INT(A2),MAX(0,ROUND((MOD(A2,1)-9/24)*1440,0)),0)
=INT((D2-1)/540)
=WORKDAY(C2,E2,$H$2:$H$20)+9/24+(D2-E2*540)/1440
```

F2ನಲ್ಲಿ ಬರುವುದು ಗಡುವು. ಆ ಕೋಶಕ್ಕೆ ದಿನಾಂಕ ಮತ್ತು ಸಮಯದ ಫಾರ್ಮ್ಯಾಟ್ ಕೊಡಿ, ಇಲ್ಲದಿದ್ದರೆ ಬರೀ ಒಂದು ದೊಡ್ಡ ದಶಮಾಂಶ ಸಂಖ್ಯೆ ಕಾಣುತ್ತದೆ.

ಮೊದಲ ಸಾಲು ನೋಡಲು ವಿಚಿತ್ರ, ಆದರೆ ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಸಂಜೆ 6ಕ್ಕೆ ಮೊದಲು ಬಂದ ಟಿಕೆಟ್‌ಗೆ ಅದು ಹಿಂದಿನ ದಿನಕ್ಕೆ ಹೋಗಿ ಅಲ್ಲಿಂದ ಮುಂದಿನ ಕೆಲಸದ ದಿನ ಹುಡುಕುತ್ತದೆ. ಆ ದಿನ ಕೆಲಸದ ದಿನವಾಗಿದ್ದರೆ ಅದೇ ಸಿಗುತ್ತದೆ, ರಜೆಯಾಗಿದ್ದರೆ ನಂತರದ್ದು. 6ಕ್ಕೆ ಅಥವಾ ಆಮೇಲೆ ಬಂದರೆ ನೇರವಾಗಿ ಮುಂದಿನ ಕೆಲಸದ ದಿನ. ಇದಿಲ್ಲದೆ ಶನಿವಾರ ಬೆಳಿಗ್ಗೆ 11ಕ್ಕೆ ಬಂದ ಟಿಕೆಟ್‌ಗೆ ಶನಿವಾರದ ಎರಡು ಗಂಟೆಯೂ ಕೆಲಸದ ವೇಳೆಯಾಗಿ ಸೇರಿಬಿಡುತ್ತದೆ. ಸರಿಯಾಗಿ ನೋಡಿದರೆ ಅದರ ಗಡಿಯಾರ ಸೋಮವಾರ 9ಕ್ಕೆ ಶುರು, ಗಡುವು ಅದರ ಮುಂದಿನ ಸೋಮವಾರ ಮಧ್ಯಾಹ್ನ 12.

ಮೂರನೆಯ ಸಾಲಿನಲ್ಲಿ ಒಂದು ಕಳೆದಿರುವುದಕ್ಕೂ ಕಾರಣವಿದೆ. ಟಿಕೆಟ್ ಗುರುವಾರ ಸರಿಯಾಗಿ 3ಕ್ಕೆ ಬಂದಿದ್ದರೆ ಒಟ್ಟು 3240, ಶೇಷ ಸೊನ್ನೆ. ಒಂದು ಕಳೆಯದಿದ್ದರೆ ಉತ್ತರ ಶುಕ್ರವಾರ ಬೆಳಿಗ್ಗೆ 9 ಎಂದು ಬರುತ್ತದೆ, ಕಳೆದರೆ ಗುರುವಾರ ಸಂಜೆ 6. ಕೆಲಸದ ನಿಮಿಷಗಳಲ್ಲಿ ಎರಡೂ ಒಂದೇ, ಆದರೆ ವರದಿಯಲ್ಲಿ ಒಂದು ದಿನದ ವ್ಯತ್ಯಾಸ ಕಾಣುತ್ತದೆ. ಕೆಲಸ ಮುಗಿಸಲು ಸಿಗುವ ಕೊನೆಯ ಕ್ಷಣ ಗುರುವಾರ ಸಂಜೆಯಾದ್ದರಿಂದ ನಾನು ಅದನ್ನೇ ಇಡುತ್ತೇನೆ. ROUND ಕೂಡ ಇದೇ ಗಡಿಗಾಗಿ: ಎಕ್ಸೆಲ್ ಸಮಯವನ್ನು ದಿನದ ಭಿನ್ನರಾಶಿಯಾಗಿ ಇಡುವುದರಿಂದ 360 ನಿಮಿಷ 359.9999 ಆಗಿಬಿಡಬಹುದು.

ರಜೆ ಬಂದಾಗ ಗಡುವು ಒಂದು ದಿನ ಜರುಗಿದರೆ ಸಾಕು ಎಂದುಕೊಳ್ಳಬೇಡಿ. ನಿಮ್ಮ ಟಿಕೆಟ್‌ನ ಮಧ್ಯದ ಸೋಮವಾರ ರಜೆಯಾಗಿದ್ದರೆ ಗಡುವು ಎರಡನೆಯ ವಾರಾಂತ್ಯವನ್ನೂ ದಾಟಿ ಅದರ ಮುಂದಿನ ಸೋಮವಾರ 9:20ಕ್ಕೆ ಹೋಗುತ್ತದೆ. ವಾರದ ರಜೆ ಭಾನುವಾರ ಮಾತ್ರ ಇದ್ದವರು WORKDAY ಬದಲು WORKDAY.INTL ಬಳಸಿ, ಮೂರನೆಯ ಸ್ಥಾನದಲ್ಲಿ "0000001" ಕೊಡಬೇಕು. ಆ ಏಳು ಅಂಕೆಗಳು ಸೋಮವಾರದಿಂದ ಶುರು, 1 ಎಂದರೆ ರಜೆ. ಶನಿವಾರ ಅರ್ಧ ದಿನ ಕೆಲಸವಿದ್ದರೆ ಮಾತ್ರ ಈ ಸೂತ್ರ ಸಾಲದು, ಏಕೆಂದರೆ ಪ್ರತಿ ದಿನವೂ 540 ನಿಮಿಷ ಎಂಬುದೇ ಅದರ ಆಧಾರ. ಆಗ ದಿನ ದಿನವೂ ಕಳೆಯುವ ವಿಧಾನಕ್ಕೇ ಹೋಗಬೇಕು.

ಜನ ಹೆಚ್ಚು ಎಡವುವುದು ಗ್ರಾಹಕರ ಉತ್ತರಕ್ಕೆ ಕಾಯುವಾಗ ಗಡಿಯಾರ ನಿಲ್ಲಿಸಿದ ಕಡೆ. ಈ ಟಿಕೆಟನ್ನು ಸೋಮವಾರ ಬೆಳಿಗ್ಗೆ 11ಕ್ಕೆ ನಿಲ್ಲಿಸಿ ಮಂಗಳವಾರ 10ಕ್ಕೆ ಮತ್ತೆ ಶುರು ಮಾಡಿದಿರಿ ಎನ್ನಿ. ಗೋಡೆ ಗಡಿಯಾರದಲ್ಲಿ ಕಳೆದದ್ದು 23 ಗಂಟೆ. ಅದನ್ನೇ ಹಳೆಯ ಗಡುವಿಗೆ ಕೂಡಿಸಿದರೆ ಶನಿವಾರ ಬೆಳಿಗ್ಗೆ 8:20 ಬರುತ್ತದೆ, ಅದು ಕೆಲಸದ ವೇಳೆಯೇ ಅಲ್ಲ. ನಿಂತ ಅವಧಿಯಲ್ಲೂ ಕೆಲಸದ ನಿಮಿಷಗಳನ್ನು ಮಾತ್ರ ಎಣಿಸಿ: ಸೋಮವಾರ 11ರಿಂದ 6ಕ್ಕೆ 420, ಮಂಗಳವಾರ 9ರಿಂದ 10ಕ್ಕೆ 60, ಒಟ್ಟು 480. D2 ಸೂತ್ರದಲ್ಲಿ 2880 ಇದ್ದಲ್ಲಿ 3360 ಹಾಕಿದರೆ ಗಡುವು ಶುಕ್ರವಾರ ಸಂಜೆ 5:20ಕ್ಕೆ ಸರಿಯುತ್ತದೆ.

ಇಷ್ಟಾದ ಮೇಲೂ ಟೂಲ್‌ಗೂ ನಿಮ್ಮ ಹಾಳೆಗೂ ಕೆಲವು ಗಂಟೆಗಳ ವ್ಯತ್ಯಾಸ ಬಂದರೆ ಟೈಮ್ ಝೋನ್ ನೋಡಿ. ಟೂಲ್‌ನಿಂದ ಇಳಿಸಿಕೊಂಡ ಫೈಲಿನಲ್ಲಿ ಸಮಯ UTCಯಲ್ಲಿರುವುದು ಸಾಮಾನ್ಯ. A2ಗೆ ಹಾಕುವ ಮೊದಲು ಅದನ್ನು ಸಪೋರ್ಟ್ ತಂಡದ ಸ್ಥಳೀಯ ಸಮಯಕ್ಕೆ ಬದಲಿಸಬೇಕು. ಉತ್ತರ ಬಂದ ಮೇಲೆ ಬದಲಿಸಿದರೆ ಆಗದು, ಏಕೆಂದರೆ ಶುಕ್ರವಾರ ಸಂಜೆ 6ರ ನಂತರ ಬಂದ ಟಿಕೆಟ್ ಆಗಲೇ ಕೆಲಸದ ವೇಳೆಯದ್ದಾಗಿ ಎಣಿಕೆಯಾಗಿರಬಹುದು.