ಶುಲ್ಕ ಏರುವ ವೇಗಕ್ಕೆ ಬೇರೆಯೇ ಲೆಕ್ಕ

ಪ್ರಶ್ನೆ: ಅರೇಹಳ್ಳಿ ಹತ್ತಿರ ಆರು ಎಕರೆ ಕಾಫಿ ತೋಟವಿದೆ. ಮಗಳಿಗೆ 6 ವರ್ಷ. ನಾವು ವಿಚಾರಿಸಿದ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಷಕ್ಕೆ ಶುಲ್ಕ 2 ಲಕ್ಷ, ಹಾಸ್ಟೆಲ್ ಮತ್ತು ಊಟ 1 ಲಕ್ಷ. ವರ್ಷಕ್ಕೆ 1 ಲಕ್ಷದಂತೆ 12 ವರ್ಷ ಕಟ್ಟಿದರೆ 16.75 ಲಕ್ಷ ಖಾತರಿಯಾಗಿ ಬರುವ ಮಕ್ಕಳ ಪಾಲಿಸಿ ಮಾಡಿಸಿ ಎಂದು ಏಜೆಂಟರು ಹೇಳುತ್ತಿದ್ದಾರೆ. ನಾಲ್ಕು ವರ್ಷಕ್ಕೆ 12 ಲಕ್ಷವಾದರೆ ಸಾಕಲ್ಲವೇ?

ಉತ್ತರ: ಸಾಲದು. ಅರ್ಧಕ್ಕೂ ಸಾಲದು. ಕಾಫಿ ದುಡ್ಡು ಕೈಗೆ ಬರುವ ತಿಂಗಳುಗಳಲ್ಲಿ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಪ್ರತಿ ಸಲವೂ ಇಂದಿನ ಶುಲ್ಕವನ್ನು ಹನ್ನೆರಡು ವರ್ಷದ ನಂತರದ ಹಣದ ಪಕ್ಕದಲ್ಲಿಟ್ಟು ಹೋಲಿಸಿರುತ್ತಾರೆ. ಇದು ತಿಳಿದೂ ಏಜೆಂಟರು ತಿದ್ದುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಕಳೆದ ವರ್ಷ ಒಬ್ಬ ತಾಯಿ ನನ್ನ ಮೇಜಿನ ಮೇಲೆ ಎರಡು ರಸೀದಿ ಇಟ್ಟರು. ಎರಡೂ ಒಂದೇ ಕಾಲೇಜಿನವು, ಒಂದೇ ಕೋರ್ಸಿನ ಮೊದಲ ವರ್ಷದವು. ಹಿರಿಯ ಮಗನದು 2016ರದು, 62,000 ರೂಪಾಯಿ. ಕಿರಿಯವನದು 2024ರದು, 1,33,000. ಎಂಟು ವರ್ಷದಲ್ಲಿ ದುಪ್ಪಟ್ಟಿಗಿಂತ ಸ್ವಲ್ಪ ಹೆಚ್ಚು. ಯಾವುದೇ ಮೊತ್ತ ಎಷ್ಟು ವರ್ಷದಲ್ಲಿ ದುಪ್ಪಟ್ಟಾಯಿತೋ ಆ ಸಂಖ್ಯೆಯಿಂದ 72ನ್ನು ಭಾಗಿಸಿದರೆ ವಾರ್ಷಿಕ ಏರಿಕೆ ಹೆಚ್ಚುಕಡಿಮೆ ಸಿಗುತ್ತದೆ. ಇಲ್ಲಿ ಎಂಟರಿಂದ ಭಾಗಿಸಿದರೆ ಶೇ 9. ದುಪ್ಪಟ್ಟನ್ನು ದಾಟಿರುವುದರಿಂದ ನಿಜವಾದ ಏರಿಕೆ ಶೇ 10ರ ಹತ್ತಿರ. ಅದೇ ಅವಧಿಯಲ್ಲಿ ಅವರ ಮನೆಯ ದಿನಸಿ ಖರ್ಚು ಈ ವೇಗದಲ್ಲಿ ಏರಿರಲಿಲ್ಲ. ನಿಮ್ಮ ನೆಂಟರ ಮಕ್ಕಳು ಓದಿದ ಕಾಲೇಜಿನ ಹಳೆಯ ರಸೀದಿ ಹುಡುಕಿ, ನೀವೇ ಹೀಗೆ ನೋಡಿ. ಒಂದು ಎಚ್ಚರಿಕೆ: ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾದ ಶುಲ್ಕವನ್ನು ಆಡಳಿತ ಮಂಡಳಿ ಕೋಟಾದ ಶುಲ್ಕದೊಂದಿಗೆ ಹೋಲಿಸಬೇಡಿ. ಅವೆರಡೂ ಬೇರೆ ಬೇರೆ. ಆರು ವರ್ಷದ ಮಗುವಿಗೆ ಮುಂದೆ ಒಳ್ಳೆಯ ರ್‍ಯಾಂಕ್ ಬರುತ್ತದೆಂದು ನಂಬಿ ಹಣದ ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಈಗ ನಿಮ್ಮ ಲೆಕ್ಕ. ಶುಲ್ಕ ಮತ್ತು ಹಾಸ್ಟೆಲ್ ಖರ್ಚನ್ನು ಬೇರೆ ಮಾಡಿ, ಏಕೆಂದರೆ ಊಟ, ವಸತಿಯ ಖರ್ಚು ಸಾಮಾನ್ಯ ಬೆಲೆಗಳ ಜೊತೆಗೇ ಏರುತ್ತದೆ. ಶುಲ್ಕಕ್ಕೆ ವರ್ಷಕ್ಕೆ ಶೇ 10, ಹಾಸ್ಟೆಲಿಗೆ ಶೇ 6 ಹಿಡಿಯೋಣ. ಹನ್ನೆರಡು ವರ್ಷದ ನಂತರ ಮೊದಲ ವರ್ಷದ ಶುಲ್ಕ ಸುಮಾರು 6.3 ಲಕ್ಷ, ಹಾಸ್ಟೆಲ್ 2 ಲಕ್ಷ. ಓದುವಾಗಲೂ ಏರಿಕೆ ನಿಲ್ಲುವುದಿಲ್ಲ. ಕೊನೆಯ ವರ್ಷಕ್ಕೆ ಎರಡೂ ಸೇರಿ 10.7 ಲಕ್ಷ ದಾಟುತ್ತದೆ. ನಾಲ್ಕೂ ವರ್ಷ ಸೇರಿಸಿದರೆ ಸುಮಾರು 38 ಲಕ್ಷ. ಎಲ್ಲಕ್ಕೂ ಶೇ 6 ಎಂದು ಹಿಡಿದಿದ್ದರೆ 26 ಲಕ್ಷ ಬರುತ್ತಿತ್ತು. ಏರಿಕೆಯ ದರವನ್ನು ತಪ್ಪಾಗಿ ಹಿಡಿದರೆ ಆಗುವ ಕೊರತೆಯೇ 12 ಲಕ್ಷದಷ್ಟು, ಅಂದರೆ ನೀವು ಇಂದು ಪೂರ್ತಿ ಓದಿಗೆ ಎಂದುಕೊಂಡಿರುವ ಮೊತ್ತ.

ಏಜೆಂಟರ ಪಾಲಿಸಿಯಲ್ಲಿ ನಿಮ್ಮ ಹಣ ಬೆಳೆಯುವುದು ವರ್ಷಕ್ಕೆ ಶೇ 5ರಂತೆ. ಶೇ 10ರಲ್ಲಿ ಓಡುವ ಶುಲ್ಕವನ್ನು ಅದು ಎಂದಿಗೂ ಹಿಡಿಯಲಾರದು. ಆ ಪಾಲಿಸಿಯಲ್ಲಿ ಬೇಕಾದ ಒಂದೇ ಒಂದು ಅಂಶವೆಂದರೆ ತಂದೆಯೋ ತಾಯಿಯೋ ತೀರಿಕೊಂಡರೆ ಸಿಗುವ ಹಣ. ಅದಕ್ಕೆ ದುಡಿಯುವವರ ಹೆಸರಿನಲ್ಲಿ 16 ವರ್ಷದ ಟರ್ಮ್ ವಿಮೆ ಪ್ರತ್ಯೇಕವಾಗಿ ಮಾಡಿಸಿ.

ಮಗಳು ಕಾಲೇಜು ಸೇರುವ ದಿನ ಕೈಯಲ್ಲಿ 35 ಲಕ್ಷ ಇದ್ದರೆ ಸಾಕು, ಮುಂದಿನ ವರ್ಷಗಳ ಹಣ ಬ್ಯಾಂಕಿನ ಠೇವಣಿಯಲ್ಲಿ ಬಡ್ಡಿ ಗಳಿಸುತ್ತಿರುತ್ತದೆ. ಈ ವರ್ಷ ಅದೇ 1 ಲಕ್ಷ ಹಾಕಿ. ಆದರೆ ಮುಂದಿನ ವರ್ಷ 1.10 ಲಕ್ಷ, ಅದರ ಮುಂದಿನ ವರ್ಷ 1.21 ಲಕ್ಷ, ಹೀಗೆ ವರ್ಷವೂ ಶೇ 10 ಹೆಚ್ಚಿಸಬೇಕು. ಸರಾಸರಿ ಶೇ 9 ಬೆಳೆದರೆ 35 ಲಕ್ಷವಾಗುತ್ತದೆ. ಹೆಚ್ಚಿಸದೆ 1 ಲಕ್ಷಕ್ಕೇ ನಿಂತರೆ ಅದೇ ಬೆಳವಣಿಗೆಯಲ್ಲಿ 22 ಲಕ್ಷಕ್ಕೆ ನಿಲ್ಲುತ್ತದೆ. ಶೇ 9ಕ್ಕೆ ಯಾರೂ ಖಾತರಿ ಕೊಡಲಾರರು. ಕೊಡುತ್ತೇನೆ ಎನ್ನುವವರಿಂದ ದೂರವಿರಿ.

ಎಲ್ಲಿ ಹಾಕುವುದು? ಸುಕನ್ಯಾ ಸಮೃದ್ಧಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದರ ಬೀಗದ ಬಗ್ಗೆ ಯಾರೂ ಹೇಳುವುದಿಲ್ಲ. ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಈಗ ತೆರೆದರೆ ನಿಮ್ಮ ಮಗಳಿಗೆ 27 ಆಗಿರುತ್ತದೆ. ಓದಿಗೆಂದು 18ರ ನಂತರ, ಅಥವಾ ಅದಕ್ಕೆ ಮೊದಲೇ ಹತ್ತನೇ ತರಗತಿ ಮುಗಿದರೆ ಆಗ, ಹಿಂದಿನ ಆರ್ಥಿಕ ವರ್ಷದ ಕೊನೆಯಲ್ಲಿದ್ದ ಮೊತ್ತದ ಅರ್ಧವನ್ನು ಮಾತ್ರ ತೆಗೆಯಬಹುದು. ಆದ್ದರಿಂದ ವರ್ಷಕ್ಕೆ 30,000 ಅಲ್ಲಿ ಹಾಕಿ, ಓದಿನ ಲೆಕ್ಕದಲ್ಲಿ ಅದರ ಅರ್ಧವನ್ನೇ ಹಿಡಿಯಿರಿ. ಉಳಿದುದನ್ನು ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ಹಣ ಹೂಡುವ ಒಂದೇ ಒಂದು ಇಂಡೆಕ್ಸ್ ಫಂಡ್‌ಗೆ ಹಾಕಿ. ಬೆಳೆಗಾರರಿಗೆ ತಿಂಗಳ ಕಂತು ಕಟ್ಟಿಸುವುದು ತಪ್ಪು. ಮಳೆಗಾಲದಲ್ಲಿ ಬೋರ್ಡೋ ಸಿಂಪಡಣೆ, ಕಳೆ, ಕೂಲಿ ಎಂದು ಖಾತೆ ಖಾಲಿಯಾಗಿ ಕಂತು ವಾಪಸಾಗುತ್ತದೆ. ಕಾಫಿ ಮಾರಿದ ವಾರವೇ ವರ್ಷದ ಹಣವನ್ನು ಅಲ್ಪಾವಧಿಯ ಸಾಲಪತ್ರಗಳಲ್ಲಿ ಹೂಡುವ ಲಿಕ್ವಿಡ್ ಫಂಡ್‌ನಲ್ಲಿಟ್ಟು, ಅಲ್ಲಿಂದ ತಿಂಗಳಿಗೆ ಹನ್ನೆರಡನೇ ಒಂದು ಭಾಗ ತಾನಾಗಿ ಇಂಡೆಕ್ಸ್ ಫಂಡ್‌ಗೆ ಹೋಗುವಂತೆ ಬರೆದುಕೊಡಿ. ಬೆಲೆ ಚೆನ್ನಾಗಿ ಸಿಕ್ಕ ವರ್ಷ ಎರಡು ವರ್ಷದ್ದನ್ನು ಒಟ್ಟಿಗೆ ತೆಗೆದಿಡಿ, ಬೆಲೆ ಕುಸಿದ ವರ್ಷಕ್ಕೆ ಅದೇ ಆಸರೆ.

ಕೊನೆಯ ಮೂರು ವರ್ಷಗಳೇ ಅಪಾಯದವು. 2020ರ ಜನವರಿಯಿಂದ ಮಾರ್ಚ್‌ವರೆಗೆ ಷೇರು ಸೂಚ್ಯಂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿತ್ತು. ಆಗ ಮೂಡಿಗೆರೆ ಕಡೆಯ ಒಬ್ಬ ತಂದೆಯ ಪೂರ್ತಿ ಹಣ ಷೇರಿನಲ್ಲಿತ್ತು, ಮಗ ಎರಡನೇ ಪಿಯುಸಿಯಲ್ಲಿದ್ದ. ಹೆದರಿ ಮಾರ್ಚ್‌ನಲ್ಲೇ ಮಾರಿದರು. ನವೆಂಬರ್ ಹೊತ್ತಿಗೆ ಸೂಚ್ಯಂಕ ಹಳೆಯ ಮಟ್ಟಕ್ಕೆ ಮರಳಿತು, ಅವರ ಹಣ ಮರಳಲಿಲ್ಲ. ಆ ಮನೆಯನ್ನು ನಾನು ಮರೆತಿಲ್ಲ. ನಿಮ್ಮ ಮಗಳು ಒಂಬತ್ತನೇ ತರಗತಿ ಮುಗಿಸಿದಾಗ ಮೊದಲ ವರ್ಷದ ಖರ್ಚನ್ನು ಠೇವಣಿಗೆ ತನ್ನಿ, ಮರುವರ್ಷ ಎರಡನೆಯದನ್ನು, ಹೀಗೆ. ಆ ಹೊತ್ತಿಗೆ ಸೂಚ್ಯಂಕ ಎಷ್ಟೇ ಏರುತ್ತಿರಲಿ, ಇದನ್ನು ಮುಂದೂಡಬೇಡಿ.

ಇಷ್ಟಾದರೂ ಕೊರತೆ ಬಿದ್ದರೆ ಮಗಳ ಹೆಸರಿನಲ್ಲಿ ಶಿಕ್ಷಣ ಸಾಲ ತೆಗೆಯಿರಿ. ಸರ್ಕಾರದ ಸಾಲ ಖಾತರಿ ಯೋಜನೆಯಡಿ 7.5 ಲಕ್ಷದವರೆಗೆ ಅಡಮಾನ ಬೇಡ. ತೋಟದ ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋಗಬೇಡಿ.

ಪ್ರಶ್ನೆ: ಹಾಸನದಲ್ಲಿ ಒಬ್ಬರು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಕೊಡುತ್ತಾರೆ. ಮಗನ ಓದಿನ ಹಣ ಅಲ್ಲಿಡಬಹುದೇ?

ಉತ್ತರ: ಬೇಡ. ಬಡ್ಡಿ ಬರುತ್ತಿರುವಾಗಲೇ ಅಸಲು ವಾಪಸ್ ಕೇಳಿ ನೋಡಿ, ಉತ್ತರ ಸಿಗುತ್ತದೆ.

ಪ್ರಶ್ನೆ: ಪ್ರತಿ ವರ್ಷ ಒಂದು ಚಿನ್ನದ ಒಡವೆ ಮಾಡಿಸಿಟ್ಟರೆ ಶುಲ್ಕಕ್ಕೆ ಆಗುವುದಿಲ್ಲವೇ?

ಉತ್ತರ: ಮಾಡಿಸುವಾಗ ಕೂಲಿ, ಜಿಎಸ್‌ಟಿ ಕೊಡುತ್ತೀರಿ, ಮಾರುವಾಗ ಅವೆರಡೂ ಮರಳಿ ಬರುವುದಿಲ್ಲ. ಮಗಳ ಕೊರಳಿನಿಂದ ತೆಗೆದು ಮಾರಲು ಮನೆಯಲ್ಲಿ ಯಾರೂ ಒಪ್ಪುವುದೂ ಇಲ್ಲ. ಒಡವೆಯನ್ನು ಒಡವೆಯೆಂದೇ ಮಾಡಿಸಿ.

ಪ್ರಶ್ನೆ: ಮಗ ಈಗ ಮೊದಲ ಪಿಯುಸಿ. ಒಂದೂವರೆ ವರ್ಷದಲ್ಲಿ ಹಣ ಬೆಳೆಸಲು ಯಾವ ಷೇರು ಕೊಳ್ಳಲಿ?

ಉತ್ತರ: ಯಾವುದೂ ಬೇಡ. ಇರುವುದನ್ನು ಠೇವಣಿಯಲ್ಲಿಟ್ಟು, ಶಿಕ್ಷಣ ಸಾಲದ ಕಾಗದಪತ್ರಗಳನ್ನು ಈಗಲೇ ಜೋಡಿಸಿಕೊಳ್ಳಿ.