ಡೊಮೈನ್ ಸಿಗದಿದ್ದರೆ ಹೈಫನ್ ಹಾಕಬೇಡಿ, ಹೆಸರನ್ನೇ ಬದಲಿಸಿ

ಪ್ರಶ್ನೆ: ಬೀದರಿನಲ್ಲಿ ಮನೆಯಲ್ಲೇ ಶಾವಿಗೆ, ಹಪ್ಪಳ, ಶೇಂಗಾ ಚಟ್ನಿ ಮಾಡಿ ಮಾರುತ್ತೇವೆ. ‘ಅನ್ನಪೂರ್ಣೇಶ್ವರಿ ಗೃಹೋದ್ಯಮ’ ಎಂದು ಹೆಸರಿಟ್ಟು ವೆಬ್‌ಸೈಟ್ ಮಾಡಬೇಕೆಂದಿದ್ದೇವೆ. ಬೇಕಾದ ಡೊಮೈನ್ ಬೇರೆಯವರ ಬಳಿ ಇದೆ. ನಡುವೆ ಹೈಫನ್ ಹಾಕಿ ತೆಗೆದುಕೊಳ್ಳುವುದು ಒಳ್ಳೆಯದೋ, ಕೊನೆಗೆ ಬೀದರ್ ಸೇರಿಸುವುದೋ?

ಎರಡೂ ಬೇಡ. ಲೇಬಲ್ ಇನ್ನೂ ಮುದ್ರಣಕ್ಕೆ ಹೋಗಿಲ್ಲ ಎಂದಾದರೆ ಹೆಸರನ್ನೇ ಬದಲಿಸಿ.

ಕಲಬುರಗಿಯಲ್ಲಿ ನಾನು ಮತ್ತು ನನ್ನ ತಮ್ಮ ಕುಸುಬಿ ಹಾಗೂ ಶೇಂಗಾ ಎಣ್ಣೆಯ ಗಾಣ ಹಾಕಿದಾಗ ‘ಭೂತಾಯಿ ಗಾಣ’ ಎಂದು ಹೆಸರಿಟ್ಟೆವು. ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆತನ ನಮ್ಮದು. ಅಪ್ಪ ಆ ಹೆಸರು ಹೇಳಿದಾಗ ಬೇರೆ ಹೆಸರು ಹುಡುಕುವ ಮಾತೇ ಬರಲಿಲ್ಲ. ಡೊಮೈನ್ ಕೂಡ ಸುಲಭವಾಗಿ ಸಿಕ್ಕಿತು: `bhootaayigaana.in`. ಯಾರ ಬಳಿಯೂ ಇಲ್ಲದ್ದು ನಮಗೆ ಸಿಕ್ಕಿತಲ್ಲ ಎಂದು ಖುಷಿಪಟ್ಟೆವು. ಅದು ಯಾರ ಬಳಿಯೂ ಏಕೆ ಇರಲಿಲ್ಲ ಎಂದು ಯೋಚಿಸಲಿಲ್ಲ.

ನಮಗೆ ನಷ್ಟ ತಂದದ್ದು ಈ ಇಂಗ್ಲಿಷ್ ಕಾಗುಣಿತವೇ. ಅದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನೀವು ಅದೇ ದಾರಿಯಲ್ಲಿ ಹೊರಟಿದ್ದೀರಿ.

ಡೊಮೈನಿನಲ್ಲಿ ಸಾಮಾನ್ಯವಾಗಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಅಂಕಿ ಮತ್ತು ಹೈಫನ್‌ಗೆ ಮಾತ್ರ ಜಾಗ. ದೀರ್ಘಕ್ಕೆ, ಮಹಾಪ್ರಾಣಕ್ಕೆ, ಒತ್ತಕ್ಷರಕ್ಕೆ ಅಲ್ಲಿ ಬೇರೆ ಗುರುತಿಲ್ಲ. ಕನ್ನಡದಲ್ಲಿ ದೀರ್ಘ ಇದ್ದಲ್ಲಿ ಇಂಗ್ಲಿಷಿನಲ್ಲಿ ಎರಡು ಅಕ್ಷರ ಬರಬೇಕು ಎಂಬುದು ನನ್ನ ತಮ್ಮನ ಲೆಕ್ಕ. ವ್ಯಾಕರಣದ ದೃಷ್ಟಿಯಿಂದ ಅದು ಸರಿಯೇ. ಆದರೆ ಗಿರಾಕಿ ವ್ಯಾಕರಣ ನೋಡಿ ಟೈಪ್ ಮಾಡುವುದಿಲ್ಲ. ಮೊಬೈಲಿನಲ್ಲಿ ನಾವು ದಿನವೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘಗಳನ್ನು ನುಂಗಿಬಿಡುತ್ತೇವೆ. ಒಬ್ಬರು ‘ತ’ಕ್ಕೆ `t` ಹಾಕಿದರೆ ಇನ್ನೊಬ್ಬರು `th` ಹಾಕುತ್ತಾರೆ. ಹಾಗಾಗಿ ‘ಭೂ’ ಎಂಬುದು `bhoo` ಆಗಬಹುದು, `bhu` ಆಗಬಹುದು. ‘ತಾ’ ಎಂಬುದು `ta` ಅಥವಾ `tha`. ‘ಯಿ’ ಎಂಬುದು `yi` ಅಥವಾ ಬರೀ `i`. ‘ಗಾ’ ಎಂಬುದು `ga` ಅಥವಾ `gaa`. ನಾಲ್ಕು ಕಡೆ ಎರಡೆರಡು ದಾರಿ ಎಂದರೆ ಹದಿನಾರು ಕಾಗುಣಿತ, ಅದೂ ‘ತಾ’ದ ದೀರ್ಘವನ್ನು ಲೆಕ್ಕಕ್ಕೆ ಹಿಡಿಯದೆ. ಗಿರಾಕಿಗೆ ಅವುಗಳಲ್ಲಿ ಒಂದು ತೋಚುತ್ತದೆ, ನಾವು ಇನ್ನೊಂದನ್ನು ಕೊಂಡು ಕುಳಿತಿರುತ್ತೇವೆ. ನಮ್ಮದು ಬಹಳ ಉದ್ದನೆಯ, ಯಾರಿಗೂ ಸಹಜವಾಗಿ ತೋಚದ ಕಾಗುಣಿತವಾಗಿತ್ತು.

ನಮ್ಮವರೇ ಅದನ್ನು ಒಂದೇ ರೀತಿ ಬರೆಯಲಿಲ್ಲ. ಬೋರ್ಡ್ ಬರೆದವನು Bhutai Gana ಎಂದು ಬರೆದ. ಜಿಎಸ್‌ಟಿ ಅರ್ಜಿ ತುಂಬಿದವರು Bhoothai ಎಂದು ಹಾಕಿದರು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಗುರುತು ಹಾಕಿದ ನೆರೆಯ ಹುಡುಗ Bhutayi ಎಂದು ಸೇರಿಸಿದ. ಬಾಟಲಿಯ ಮೇಲಿನ ಲೇಬಲ್ ಮಾತ್ರ ವೆಬ್‌ಸೈಟಿನಂತಿತ್ತು. ಎಣ್ಣೆ ಚೆನ್ನಾಗಿದೆ ಎಂದು ಮತ್ತೆ ಹುಡುಕಿಕೊಂಡು ಬಂದವರಿಗೆ ನಾವು ನಾಲ್ಕು ಬೇರೆ ಬೇರೆ ಅಂಗಡಿಗಳಂತೆ ಕಾಣುತ್ತಿದ್ದೆವು.

ದೊಡ್ಡ ಪೆಟ್ಟು ಬಿದ್ದದ್ದು ಇಮೇಲ್‌ನಿಂದ. ಹೈದರಾಬಾದಿನ ಒಬ್ಬ ಕಿರಾಣಿ ವ್ಯಾಪಾರಿ ದೀಪಾವಳಿಗೆ ಮೊದಲು ಕುಸುಬಿ ಎಣ್ಣೆ ಬೇಕೆಂದು ಫೋನಿನಲ್ಲಿ ಮಾತಾಡಿ, ಬೇಡಿಕೆಪಟ್ಟಿ ಮೇಲ್ ಮಾಡುತ್ತೇನೆ ಎಂದ. ವಿಳಾಸವನ್ನು ಬಾಯಲ್ಲಿ ಹೇಳಿದೆವು. ಅವನು ಕೇಳಿಸಿಕೊಂಡಂತೆ ಬರೆದುಕೊಂಡ. ಅವನು ಬರೆದ ಕಾಗುಣಿತದ ಡೊಮೈನ್ ಎಲ್ಲೂ ಇರಲಿಲ್ಲ, ಮೇಲ್ ಹಿಂದಕ್ಕೆ ಹೋಯಿತು. ಹಿಂದಕ್ಕೆ ಹೋದ ಮೇಲ್‌ನ ಸುದ್ದಿ ತಿಳಿಯುವುದು ಕಳಿಸಿದವನಿಗೆ, ನಮಗಲ್ಲ. ಇವರ ಕಾರಭಾರ ಇಷ್ಟೇ ಎಂದುಕೊಂಡು ಅವನು ಬೇರೆ ಗಾಣದಿಂದ ಮಾಲು ತರಿಸಿಕೊಂಡ. ಹಬ್ಬ ಕಳೆದ ಮೇಲೆ ನಾವೇ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಆ ಆರ್ಡರ್ ನಂಬಿ ಕೊಂಡಿದ್ದ ಕುಸುಬಿಯ ದುಡ್ಡು ಅಲ್ಲಿಯವರೆಗೂ ಚೀಲದಲ್ಲೇ ಕುಳಿತಿತ್ತು. ಆ ತಪ್ಪು ಕಾಗುಣಿತದ ಡೊಮೈನ್ ಇನ್ನೊಬ್ಬರ ಬಳಿ ಇದ್ದು, ಯಾವ ಹೆಸರಿಗೆ ಬಂದರೂ ಮೇಲ್ ತೆಗೆದುಕೊಳ್ಳುವಂತೆ ಅವರು ವ್ಯವಸ್ಥೆ ಮಾಡಿಟ್ಟಿದ್ದರೆ, ಕಳಿಸಿದವನಿಗೂ ಗೊತ್ತಾಗುತ್ತಿರಲಿಲ್ಲ.

ಸೊಲ್ಲಾಪುರದ ಕಡೆ ಇನ್ನೊಂದು ತೊಡಕು ಬಂತು. ಅಲ್ಲಿನವರು ಬಾಟಲಿಯ ಮೇಲೆ `bhoot` ಎಂದು ಓದಿದ ಕೂಡಲೇ ಅಲ್ಲೇ ನಿಲ್ಲುತ್ತಿದ್ದರು. ‘ಭೂತ್ ಆಯೀ?’ ಎಂದು ಒಬ್ಬ ಅಂಗಡಿಯವನು ನೇರವಾಗಿಯೇ ಕೇಳಿದ. `gaana` ಎಂದರೆ ಅವರಿಗೆಲ್ಲ ಹಾಡು. ಆ ಹೆಸರಿನ ಹಾಡಿನ ಆ್ಯಪ್ ದೇಶಕ್ಕೆಲ್ಲ ಗೊತ್ತು, ಅಂತರ್ಜಾಲದ ಹುಡುಕಾಟದಲ್ಲಿ ಅದರ ಮುಂದೆ ನಾವು ಕಾಣುವುದೆಲ್ಲಿ? ಹೈದರಾಬಾದ್, ಸೊಲ್ಲಾಪುರ, ಲಾತೂರಿನ ಗಿರಾಕಿಗಳನ್ನು ಬಿಟ್ಟು ನಮ್ಮ ಭಾಗದಲ್ಲಿ ವ್ಯಾಪಾರ ಬೆಳೆಯುವುದಿಲ್ಲ. ಹೆಸರು ಕನ್ನಡದ್ದೇ ಇರಲಿ, ಆದರೆ ಉರ್ದು, ಮರಾಠಿ, ತೆಲುಗು ಮಾತಾಡುವವರ ಬಾಯಲ್ಲಿ ಅದು ಏನಾಗುತ್ತದೆ ಎಂದು ನೋಡಲೇಬೇಕು.

ಈಗ ನಿಮ್ಮ ಹೆಸರಿಗೆ ಇದೇ ಲೆಕ್ಕ ಹಾಕಿ. ‘ಪೂರ್ಣ’ಕ್ಕೆ `purna`, `poorna`. ‘ಶ್ವ’ಕ್ಕೆ `shwa`, `shva`, `swa`. ಕೊನೆಯ ‘ರಿ’ಗೆ `ri`, `ree`. ಮೊದಲ ಒತ್ತಕ್ಷರದಲ್ಲಿ ಒಂದು `n` ಬಿಡುವವರೂ ಇದ್ದಾರೆ. ‘ಗೃಹ’ ಎಂಬುದಂತೂ ನಮ್ಮಲ್ಲಿ `gruha`, ಹಿಂದಿಯವರಲ್ಲಿ `griha`. ಮೊದಲ ಪದವೊಂದೇ ಇಂಗ್ಲಿಷಿನಲ್ಲಿ ಹದಿನೈದು ಅಕ್ಷರ. ಅದಲ್ಲದೆ ಅನ್ನಪೂರ್ಣ ಎಂಬ ಹೆಸರಿನಲ್ಲಿ ಹಿಟ್ಟು, ಉಪ್ಪು ಮಾರುವ ದೊಡ್ಡ ಬ್ರ್ಯಾಂಡ್ ಮೊದಲೇ ಇದೆ. ಟ್ರೇಡ್‌ಮಾರ್ಕ್ ವಿಚಾರದಲ್ಲಿ ಬರವಣಿಗೆ ಬೇರೆಯಾದರೆ ಸಾಲದು, ಕಿವಿಗೆ ಒಂದೇ ರೀತಿ ಕೇಳಿದರೂ ತಕರಾರು ಬರುತ್ತದೆ.

ಹೈಫನ್ ಏಕೆ ಬೇಡ ಎಂದರೆ ಅದನ್ನು ಬಾಯಲ್ಲಿ ಹೇಳಲಾಗುವುದಿಲ್ಲ. ಅಡ್ಡಗೆರೆ, ಡ್ಯಾಶ್, ಮೈನಸ್ ಎಂದು ಏನೇ ಹೇಳಿದರೂ ಗಿರಾಕಿ ಅದನ್ನು ಬಿಟ್ಟು ಟೈಪ್ ಮಾಡುತ್ತಾನೆ. ಹೈಫನ್ ಇಲ್ಲದ ಹೆಸರು ಬೇರೆಯವರದ್ದು, ಅಂದರೆ ನೀವು ಲೇಬಲ್ ಮೇಲೆ, ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಪ್ರಚಾರ ಮಾಡಿದ್ದೆಲ್ಲ ಅವರ ಬಾಗಿಲಿಗೆ ಹೋಗಿ ಸೇರುತ್ತದೆ. ಊರಿನ ಹೆಸರು ಸೇರಿಸಿದರೂ ಇದೇ ಕಥೆ, ಗಿರಾಕಿ ಕೊನೆಯ ತುಂಡನ್ನು ಮರೆಯುತ್ತಾನೆ. ಬೀದರ್ ಬರೆಯುವುದಕ್ಕೆ ಸುಲಭ, ಅಷ್ಟರಮಟ್ಟಿಗೆ ನೀವು ಪುಣ್ಯವಂತರು. ನಮ್ಮ ಊರು 2014ರ ನವೆಂಬರ್ 1ರಂದು ಗುಲ್ಬರ್ಗ ಹೋಗಿ ಕಲಬುರಗಿ ಆದ ಮೇಲೆ `gulbarga`, `kalaburagi`, `kalburgi` ಎಲ್ಲವೂ ಚಾಲ್ತಿಯಲ್ಲಿವೆ. ಆದರೆ ಊರಿನ ಹೆಸರು ಮತ್ತು ಪದಾರ್ಥದ ಹೆಸರು ಎರಡನ್ನೇ ಜೋಡಿಸಿದರೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಅವು ಆ ಊರಿನ ಎಲ್ಲ ವ್ಯಾಪಾರಿಗಳಿಗೂ ಬೇಕಾಗುವ ಪದಗಳು.

ಕನ್ನಡ ಲಿಪಿಯಲ್ಲೇ .ಭಾರತ ಡೊಮೈನ್ ಸಿಗುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ, ಸಿಗುತ್ತದೆ, ನನಗೂ ಅದರ ಮೇಲೆ ಪ್ರೀತಿಯಿದೆ. ಆದರೆ ಒಳಗೆ ಅದು `xn--` ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಬದಲಾಗುತ್ತದೆ, ಕೆಲವು ಕಡೆ ಹಾಗೆಯೇ ಕಾಣಿಸುತ್ತದೆ. ಕನ್ನಡ ಕೀಬೋರ್ಡ್ ಇಲ್ಲದ ಗಿರಾಕಿಗೆ ಟೈಪ್ ಮಾಡಲಾಗುವುದಿಲ್ಲ. ಎರಡನೆಯದಾಗಿ ಇಟ್ಟುಕೊಳ್ಳಿ, ಅದೊಂದನ್ನೇ ನಂಬಬೇಡಿ.

ಹೆಸರು ಬದಲಿಸಲು ಕುಳಿತಾಗ ನಾವು ಮಾಡಿದ್ದು ಇಷ್ಟು. ಒಂದೊಂದು ಹೆಸರನ್ನೂ ಫೋನಿನಲ್ಲಿ ಒಂದೇ ಸಲ ಹೇಳಿ, ಬಿಡಿಸಿ ಹೇಳದೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಾಟ್ಸ್‌ಆ್ಯಪ್ ಮಾಡಿ ಎಂದು ಕೇಳಿದೆವು. ಮನೆಯವರನ್ನು ಕೇಳಲಿಲ್ಲ, ಅವರಿಗೆ ಹೆಸರು ಮೊದಲೇ ಗೊತ್ತಿರುತ್ತದೆ. ಮಾಲು ಒಯ್ಯುವ ಮರಾಠಿ ಚಾಲಕ, ಹೈದರಾಬಾದಿನ ವ್ಯಾಪಾರಿ, ಬೆಂಗಳೂರಿನ ಗಿರಾಕಿ, ಊರಿನ ಔಷಧ ಅಂಗಡಿಯವರು, ಇಂಥವರನ್ನು ಕೇಳಿದೆವು. ‘ಕುಸುಬಿ’ಯನ್ನೇ ಹೆಸರಾಗಿ ಇಡೋಣ ಎಂದಿದ್ದೆವು. `kusubi`, `kusube`, `kusbi` ಎಂದು ಮೂರು ಬಗೆಯಲ್ಲಿ ಬಂತು, ಬಿಟ್ಟೆವು. ‘ಕಣಜ’ ಎಲ್ಲರ ಕೈಯಲ್ಲೂ `kanaja` ಎಂದೇ ಬಂತು, ಆದರೆ ಆ ಹೆಸರಿನಲ್ಲಿ ಕನ್ನಡದ ಪ್ರಸಿದ್ಧ ಜ್ಞಾನಕೋಶ ತಾಣವಿದೆ. ಕೊನೆಗೆ ಉಳಿದದ್ದು ಎಲ್ಲರೂ ಒಂದೇ ರೀತಿ ಬರೆದ ಒಂದು ಸಣ್ಣ ಪದ. ಜಾಹೀರಾತಾಗುತ್ತದೆ ಎಂದು ಅದನ್ನು ಇಲ್ಲಿ ಬರೆಯುವುದಿಲ್ಲ. ಅದರ ಗುಣ ಮಾತ್ರ ಹೇಳುತ್ತೇನೆ: ದೀರ್ಘವಿಲ್ಲ, ಮಹಾಪ್ರಾಣವಿಲ್ಲ, ಒತ್ತಕ್ಷರವಿಲ್ಲ, ‘ತ’ ಇಲ್ಲ, ‘ವ’ ಇಲ್ಲ. ‘ಳ’, ‘ಣ’ ಇದ್ದರೆ ತೊಂದರೆಯಿಲ್ಲ, ಅವು ಇಂಗ್ಲಿಷಿನಲ್ಲಿ `l`, `n` ಆಗಿಯೇ ಬರುತ್ತವೆ. ಬರೆದವರಲ್ಲಿ ಒಬ್ಬಿಬ್ಬರು ಮಾತ್ರ ಬೇರೆ ಬರೆದು, ಅವರಿಬ್ಬರೂ ಒಂದೇ ಬಗೆಯಲ್ಲಿ ಬರೆದಿದ್ದರೆ ಆ ಹೆಸರನ್ನು ಇಟ್ಟುಕೊಳ್ಳಬಹುದು. ಆ ಎರಡನೆಯ ಕಾಗುಣಿತವನ್ನೂ ಕೊಂಡು, ಅಲ್ಲಿಗೆ ಬಂದವರು ನಿಮ್ಮ ತಾಣಕ್ಕೇ ತಲುಪುವಂತೆ ಮಾಡಿ.

ಹೆಸರು ಗಟ್ಟಿಯಾದ ಮೇಲೆ ಮೊದಲು ಐಪಿ ಇಂಡಿಯಾ ತಾಣದ ಟ್ರೇಡ್‌ಮಾರ್ಕ್ ಹುಡುಕಾಟಕ್ಕೆ ಹೋಗಿ. ಅಲ್ಲಿ Wordmark ಜೊತೆಗೆ Phonetic ಎಂಬ ಆಯ್ಕೆಯಿದೆ, ಎರಡರಲ್ಲೂ ನೋಡಿ. ಟ್ರೇಡ್‌ಮಾರ್ಕ್‌ಗಾಗಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಶಾವಿಗೆ, ಚಟ್ನಿ 30ನೇ ವರ್ಗಕ್ಕೆ ಬರುತ್ತವೆ. ನಮ್ಮ ಅಡುಗೆ ಎಣ್ಣೆ 29ಕ್ಕೆ. ಅಲ್ಲಿ ದಾರಿ ಖಾಲಿ ಇದೆ ಎಂದು ಕಂಡ ದಿನವೇ `.in` ಮತ್ತು `.com` ಎರಡನ್ನೂ ಕೊಳ್ಳಿ. ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ, ನವೀಕರಣದ ದರ ಎಷ್ಟೆಂದು ಕೇಳಿ, ಅದು ಬಹಳ ಸಲ ಹೆಚ್ಚಿರುತ್ತದೆ. ನೋಂದಣಿ ನಿಮ್ಮದೇ ಹೆಸರು, ನಿಮ್ಮದೇ ಮೊಬೈಲ್, ನಿಮ್ಮದೇ ಇಮೇಲ್‌ನಲ್ಲಿ ಇರಲಿ. ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಿ ಬೇಡವೇ ಬೇಡ, ಅವರು ಕೆಲಸ ಬಿಟ್ಟು ಹೋದರೆ ನಿಮ್ಮ ಹೆಸರೂ ಅವರ ಜೊತೆ ಹೋಗುತ್ತದೆ. ಆಮೇಲೆ ಬೋರ್ಡ್, ಜಿಎಸ್‌ಟಿ, ಮ್ಯಾಪ್ ಎಲ್ಲಕ್ಕೂ ಒಂದೇ ಕಾಗುಣಿತವನ್ನು ಕಾಗದದ ಮೇಲೆ ಬರೆದು ಕೊಡಿ. ಯಾರಿಗೂ ಬಾಯಲ್ಲಿ ಹೇಳಬೇಡಿ. ಲೇಬಲ್ ಮುದ್ರಣ ಎಲ್ಲಕ್ಕಿಂತ ಕೊನೆಗೆ.

ದೇವಿಯ ಹೆಸರು ಬಿಟ್ಟರೆ ಹಿರಿಯರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಅಳುಕು ನಿಮಗಿರಬಹುದು. ನಮ್ಮ ಅಪ್ಪನೂ ಬೇಸರ ಮಾಡಿಕೊಂಡರು. ನಾವು ಬಿಲ್ ಪುಸ್ತಕ ಮತ್ತು ಲೇಬಲ್‌ಗಳ ತಲೆಯ ಮೇಲೆ ‘ಶ್ರೀ ಭೂತಾಯಿ ಪ್ರಸನ್ನ’ ಎಂದು ಕನ್ನಡದಲ್ಲಿ ಹಾಕಿಸಿದೆವು, ಅದರ ಕೆಳಗೆ ವ್ಯಾಪಾರದ ಹೆಸರು. ನೀವು ‘ಶ್ರೀ ಅನ್ನಪೂರ್ಣೇಶ್ವರಿ ಪ್ರಸನ್ನ’ ಎಂದು ಹಾಕಿಸಿ. ಅದನ್ನು ಯಾರೂ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಾಗಿಲ್ಲ.