ಪ್ರತಿಕ್ರಿಯೆ: 99% ನಿಖರತೆ ಅಂದರೆ ಎಷ್ಟು ನಂಬಬಹುದು?

> "ಎಐ ಬರಹ ಪತ್ತೆಹಚ್ಚುವ ಸಾಫ್ಟ್‌ವೇರ್‌ನವರು 1000 ಬರಹ ಪರೀಕ್ಷಿಸಿ 99% ನಿಖರ ಅಂತಾರೆ. ಕಾಲೇಜಿಗೆ ತಗೋಬಹುದಾ?"

ಆ 1000ದಲ್ಲಿ ಮನುಷ್ಯರು ಬರೆದದ್ದು ಎಷ್ಟು ಅಂತ ಮೊದಲು ಕೇಳಿ. 900 ಯಂತ್ರದ್ದು, 100 ಮನುಷ್ಯರದ್ದು ಅಂದುಕೊಳ್ಳಿ. ಆದ 10 ತಪ್ಪುಗಳೂ ಮನುಷ್ಯರ ಬರಹದಲ್ಲೇ ಆಗಿದ್ದರೂ ಲೆಕ್ಕ 99%ಗೇ ನಿಲ್ಲುತ್ತದೆ. ಆದರೆ ಸ್ವಂತ ಬರೆದ ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬರ ಮೇಲೆ ಆರೋಪ ಬಂದಹಾಗಾಯಿತು. ನಿಮಗೆ ಬೇಕಾದದ್ದು ಈ ಎರಡನೇ ಸಂಖ್ಯೆ. ಜಾಹೀರಾತಿನಲ್ಲಿ ಅದನ್ನು ಹುಡುಕಬೇಕಾಗುತ್ತದೆ.

"ಆ 100ರಲ್ಲಿ ಒಂದೂ ತಪ್ಪಿಲ್ಲ" ಅಂದರೂ ನಿಜವಾದ ತಪ್ಪಿನ ಪ್ರಮಾಣ ಸೊನ್ನೆ ಅಂತಲ್ಲ. ಸೊನ್ನೆ ತಪ್ಪು ಬಂದಾಗ 3ನ್ನು ಮಾದರಿಗಳ ಸಂಖ್ಯೆಯಿಂದ ಭಾಗಿಸಿ: 3/100, ಅಂದರೆ 3%ವರೆಗೂ ಇರಬಹುದು (95% ವಿಶ್ವಾಸಮಟ್ಟದಲ್ಲಿ). 600 ವಿದ್ಯಾರ್ಥಿಗಳಿಗೆ ಅದು 18 ಜನ.

"ಖಚಿತವಿಲ್ಲ" ಎಂದು ಬಂದ ಬರಹಗಳನ್ನು ಲೆಕ್ಕದಿಂದ ಬಿಟ್ಟಿದ್ದಾರಾ ಅಂತಲೂ ಕೇಳಿ. ಬಿಟ್ಟರೆ ನಿಖರತೆ ತಾನಾಗಿ ಏರುತ್ತದೆ.

ಕೊಳ್ಳುವ ಮುಂಚೆ, ಚಾಟ್‌ಜಿಪಿಟಿ ಬಂದ 2022ರ ನವೆಂಬರ್‌ಗಿಂತ ಹಿಂದಿನ, ನಿಮ್ಮದೇ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಹೆಸರು ತೆಗೆದು ಅದರಲ್ಲಿ ಹಾಕಿ ನೋಡಿ. ಯಂತ್ರದ್ದು ಅಂತ ಬಂದದ್ದೆಲ್ಲ ಬಹುತೇಕ ಸುಳ್ಳು ಆರೋಪವೇ.